ಐದು ಸಾವಿರದ ಪಟ್ಟಿ, ಸಾವಿರದ ಓದುಗರು: ಉದ್ಯಮಬಾಗದ ಒಂದು ಇ-ಮೇಲ್ ಪತ್ರದ ಪ್ರಕರಣ

ಬೆಳಗಾವಿಯ ಉದ್ಯಮಬಾಗದಲ್ಲಿ ಇವರನ್ನು ಎಲ್ಲರೂ ಕಾಕಾ ಅಂತಲೇ ಕರೆಯುತ್ತಾರೆ. ನಾನೂ ಹಾಗೇ ಕರೆಯುತ್ತೇನೆ. ಗುರುತು ಸಿಗಬಾರದೆಂದು ಪತ್ರದ ಹೆಸರು ಬಿಟ್ಟಿದ್ದೇನೆ, ಕೆಲವು ಅಂಕಿಗಳನ್ನು ಒಂಚೂರು ಆಚೀಚೆ ಮಾಡಿದ್ದೇನೆ. ಲೆಕ್ಕದ ಪ್ರಮಾಣ ಮಾತ್ರ ಇದ್ದ ಹಾಗೇ ಇದೆ. ಇದನ್ನು ಬರೆಯಲು ಅವರೇ ಒಪ್ಪಿದ್ದಾರೆ. ಒಪ್ಪುವಾಗ ಹೇಳಿದ್ದು ಇಷ್ಟು: "ನನ್ನ ತಪ್ಪು ಮುಚ್ಚಬ್ಯಾಡ, ಆದ್ರ ಹೆಸರು ಹಾಕಬ್ಯಾಡ."

ಕಾಕಾ ಒಂದು ಫೌಂಡ್ರಿಯ ಖರೀದಿ ವಿಭಾಗದಲ್ಲಿ 26 ವರ್ಷ ದುಡಿದವರು. ಪಿಗ್ ಐರನ್, ಸ್ಕ್ರ್ಯಾಪ್, ಹಾರ್ಡ್ ಕೋಕ್ ಯಾವಾಗ ಏರುತ್ತದೆ, ಯಾವ ವ್ಯಾಪಾರಿ ತೂಕದಲ್ಲಿ ಆಟ ಆಡುತ್ತಾನೆ ಎಂಬುದೆಲ್ಲ ಅವರಿಗೆ ಬಾಯಿಪಾಠ. 2021ರಲ್ಲಿ ಕೆಲಸ ಬಿಟ್ಟ ಮೇಲೆ ಪರಿಚಯದ ನಲವತ್ತು ವರ್ಕ್‌ಶಾಪ್ ಮಾಲಕರಿಗೆ ಪ್ರತಿ ಸೋಮವಾರ ಒಂದು ಮೇಲ್ ಕಳಿಸಲು ಶುರು ಮಾಡಿದರು. ಅದರಲ್ಲಿ ವಾರದ ಕಚ್ಚಾಮಾಲಿನ ದರ, ಒಂದೆರಡು ಟೆಂಡರು, ತೆರಿಗೆಯಲ್ಲಿ ಏನಾದರೂ ಬದಲಾಗಿದ್ದರೆ ಅದರ ಸುದ್ದಿ ಇರುತ್ತಿತ್ತು. ವಾಟ್ಸಾಪ್ ಬಿಟ್ಟು ಮೇಲ್ ಯಾಕೆ ಎಂದು ಕೇಳುವವರಿದ್ದಾರೆ. ಈ ಮಾಲಕರಿಗೆ ಡ್ರಾಯಿಂಗು, ಪರ್ಚೇಸ್ ಆರ್ಡರು ಎಲ್ಲ ಬರುವುದು ಮೇಲಿಗೇ. ಬೆಳಿಗ್ಗೆ ಆಫೀಸಿಗೆ ಬಂದು ಚಹಾ ಕುಡಿಯುತ್ತಾ ಮೊದಲು ತೆರೆಯುವುದೂ ಅದನ್ನೇ.

2023ರ ಕೊನೆಗೆ ಪಟ್ಟಿಯಲ್ಲಿ 1,140 ವಿಳಾಸಗಳಿದ್ದವು. ಬೆಳಗಾವಿ, ಹುಬ್ಬಳ್ಳಿ, ಶಿವಮೊಗ್ಗ, ಗಡಿಯಾಚೆ ಕೊಲ್ಹಾಪುರದ ಕೆಲವರು. ಎಲ್ಲರೂ ತಾವಾಗಿ ಕೇಳಿ ಸೇರಿದವರು. ಆದಾಯ ಸೊನ್ನೆ.

ಎಕ್ಸೆಲ್ ಹಾಳೆ

ಯಂತ್ರೋಪಕರಣ ಮಾರುವ ಒಬ್ಬ ಡೀಲರ್ ಆಗ ಕಾಕಾಗೆ ಒಂದು ಮಾತು ಹೇಳಿದ. "ನಿಮ್ಮ ಪಟ್ಟಿ ಐದು ಸಾವಿರ ಆಗಲಿ, ತಿಂಗಳಿಗೆ ಹದಿನೈದು ಸಾವಿರ ರೂಪಾಯಿ ಜಾಹೀರಾತು ಕೊಡ್ತೀನಿ." ಐದು ಸಾವಿರ ಎಂಬ ಸಂಖ್ಯೆ ಎಲ್ಲಿಂದ ಬಂತೆಂದು ಡೀಲರನೂ ಹೇಳಲಿಲ್ಲ, ಕಾಕಾ ಕೂಡ ಕೇಳಲಿಲ್ಲ. ಒಂದು ಕೈಗಾರಿಕಾ ಪ್ರದರ್ಶನಕ್ಕೆ ಬಂದುಹೋದವರ ಹೆಸರು, ಮೊಬೈಲು, ಮೇಲ್ ಇರುವ ಎಕ್ಸೆಲ್ ಹಾಳೆ ಪರಿಚಯದವರೊಬ್ಬರಿಂದ ಸಿಕ್ಕಿತು. ಅದರಲ್ಲಿ 4,600 ವಿಳಾಸ. 2024ರ ಜನವರಿ ಎರಡನೇ ವಾರ ಅಷ್ಟನ್ನೂ ಒಂದೇ ಸಲ ಪಟ್ಟಿಗೆ ಸುರಿದರು. ಒಟ್ಟು 5,740.

ಮೊದಲ ಸೋಮವಾರವೇ ಸುಮಾರು 600 ಪತ್ರಗಳು ವಿಳಾಸ ಸರಿಯಿಲ್ಲವೆಂದು ವಾಪಸ್ ಬಂದವು. ಹೊಸದಾಗಿ ಸೇರಿಸಿದ್ದರಲ್ಲಿ ಶೇ. 13. ಪ್ರದರ್ಶನದ ಗೇಟಿನಲ್ಲಿ ಅವಸರದಲ್ಲಿ ಬರೆಸಿಕೊಂಡ ವಿಳಾಸಗಳು ಹಾಗೇ ಇರುತ್ತವೆ. ಮೇಲ್ ಕಳಿಸುವ ಸೇವೆಯವರು ಖಾತೆಯನ್ನು ಎರಡು ದಿನ ತಡೆಹಿಡಿದು ಎಚ್ಚರಿಕೆ ಕೊಟ್ಟರು. ಕಾಕಾ ಸತ್ತ ವಿಳಾಸಗಳನ್ನು ತೆಗೆದು ಮುಂದುವರಿಸಿದರು. ಉಳಿದದ್ದು 5,100 ಚಿಲ್ಲರೆ. ಡೀಲರ್ ಖುಷಿಯಾಗಿ ಒಂದು ತಿಂಗಳ ದುಡ್ಡು ಕೊಟ್ಟ.

ಫೆಬ್ರವರಿ 19ರ ಪತ್ರ

ಆ ವರ್ಷದ ಫೆಬ್ರವರಿ, ಮಾರ್ಚ್‌ನಲ್ಲಿ ಸಣ್ಣ ಕಾರ್ಖಾನೆಗಳಲ್ಲಿ ಎಲ್ಲರ ಬಾಯಲ್ಲೂ ಆದಾಯ ತೆರಿಗೆಯ 43ಬಿ(ಎಚ್) ಕಲಮಿನದೇ ಮಾತು. ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆಯಿಂದ ಮಾಲು ತಗೊಂಡವರು ಕಾಯ್ದೆ ಹೇಳಿದ ಅವಧಿಯಲ್ಲಿ ದುಡ್ಡು ಕೊಡದಿದ್ದರೆ, ಆ ಖರ್ಚನ್ನು ಆ ವರ್ಷದ ಲೆಕ್ಕದಲ್ಲಿ ಕಳೆಯುವಂತಿಲ್ಲ, ಕೊಟ್ಟ ವರ್ಷವೇ ಕಳೆಯಬೇಕು. ಲಿಖಿತ ಕರಾರು ಇಲ್ಲದಿದ್ದರೆ 15 ದಿನ, ಇದ್ದರೂ ಗರಿಷ್ಠ 45. ಮಾರ್ಚ್ 31 ಹತ್ತಿರ ಬಂದಂತೆ ಬಾಕಿ ಸಿಗುತ್ತದೆಂದು ಕೆಲವರಿಗೆ ಆಸೆ, ದೊಡ್ಡ ಗಿರಾಕಿ ಆರ್ಡರನ್ನೇ ಬೇರೆಯವರಿಗೆ ಕೊಟ್ಟಾನೆಂದು ಕೆಲವರಿಗೆ ಭಯ. ಕಾಕಾ ನಾಲ್ಕು ದಿನ ಕೂತು ಇದನ್ನು ಉದಾಹರಣೆ ಸಮೇತ ಬರೆದರು. ಅವರ ಮೂರು ವರ್ಷದಲ್ಲಿ ಅದಕ್ಕಿಂತ ಉಪಯೋಗದ ಪತ್ರ ಇನ್ನೊಂದಿಲ್ಲ.

ಫೆಬ್ರವರಿ 19ರ ಸೋಮವಾರ ಅದು ಹೊರಟಿತು. ಮಂಗಳವಾರ ಆಟೋ ನಗರದ ಒಬ್ಬ ಹಳೆಯ ಓದುಗ ಫೋನ್ ಮಾಡಿ, "ಕಾಕಾ, ಯಾಕ ಪತ್ರ ನಿಲ್ಲಿಸಿಬಿಟ್ರಿ?" ಎಂದು ಕೇಳಿದ.

ಅವತ್ತೇ ಕಾಕಾ ನನ್ನನ್ನು ಕರೆದರು. ಸಣ್ಣ ಕಾರ್ಖಾನೆಗಳಿಗೆ ವೆಬ್‌ಸೈಟು, ಮೇಲ್ ಜೋಡಿಸಿಕೊಡುವುದು ನನ್ನ ಕೆಲಸ. ಇಬ್ಬರೂ ಆ ಓದುಗನ ಆಫೀಸಿಗೇ ಹೋದೆವು. ಟೇಬಲ್ ಮೇಲೆ ಮೋಲ್ಡಿಂಗ್ ಮರಳಿನ ಧೂಳು, ಕೀಬೋರ್ಡಿನ ಅಕ್ಷರಗಳು ಅಳಿಸಿಹೋಗಿದ್ದವು. ಜಿಮೇಲ್‌ನ ಸ್ಪ್ಯಾಮ್ ತೆರೆದರೆ ಕಾಕಾರ ನಾಲ್ಕು ಪತ್ರಗಳೂ ಅಲ್ಲೇ ಸಾಲಾಗಿ ಕೂತಿದ್ದವು, ಮೇಲೊಂದು ಲಾಟರಿ, ಕೆಳಗೊಂದು ಸಾಲದ ಮೇಲ್. ಪತ್ರದ ಮೂರು ಚುಕ್ಕಿ ಒತ್ತಿ `Show original` ನೋಡಿದೆ. ಪತ್ರ ನಿಜವಾಗಿ ಹೇಳಿದವರಿಂದಲೇ ಬಂದಿದೆಯೇ ಎಂದು ನೋಡುವ ಮೂರು ಪರೀಕ್ಷೆಗಳ ಫಲಿತಾಂಶ ಅಲ್ಲಿ ಹೀಗಿತ್ತು:

```
SPF:   PASS
DKIM:  PASS
DMARC: FAIL
```

ಕಾಕಾ ಪತ್ರ ಕಳಿಸುತ್ತಿದ್ದದ್ದು ಬೇರೆ ಕಂಪನಿಯ ಸೇವೆಯಿಂದ, ಆದರೆ 'ಯಾರಿಂದ' ಎಂಬ ಜಾಗದಲ್ಲಿ ತಮ್ಮ ಸ್ವಂತ ಜಿಮೇಲ್ ವಿಳಾಸ ಹಾಕಿದ್ದರು. ಸೇವೆಯವರು ಹಾಕಿದ ಸಹಿ ಸರಿಯಿತ್ತು, ಆದರೆ ಅದು ಸೇವೆಯ ಡೊಮೇನಿನ ಸಹಿ, gmail.comನದ್ದಲ್ಲ. ಎರಡೂ ತಾಳೆಯಾಗದಿದ್ದರೆ ಡಿಮಾರ್ಕ್ ಪರೀಕ್ಷೆ ಫೇಲ್. ಮೊದಲೆಲ್ಲ ಇಂಥ ಪತ್ರ ಹೇಗೋ ದಾಟುತ್ತಿತ್ತು. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಸಗಟು ಮೇಲ್ ಕಳಿಸುವವರ ಮೇಲೆ ನಿಯಮ ಬಿಗಿ ಮಾಡಿದವು. ಹೊರಗಿನ ಸೇವೆಯಿಂದ ಜಿಮೇಲ್ ವಿಳಾಸದ ಹೆಸರಲ್ಲಿ ಬರುವ ಪತ್ರವನ್ನು ಅನುಮಾನದಿಂದ ನೋಡುವುದೂ ಅದರಲ್ಲೇ ಸೇರಿತ್ತು.

ಇದಕ್ಕೆ ಮದ್ದು ಸುಲಭ. ಸ್ವಂತ ಡೊಮೇನ್ ತಗೊಂಡು, ಸೇವೆಯವರು ಕೊಟ್ಟ ಸಹಿಯ ದಾಖಲೆಗಳನ್ನು ಅದರ ಡಿಎನ್ಎಸ್ ಎಂಬ ಸಾರ್ವಜನಿಕ ದಾಖಲೆಪಟ್ಟಿಯಲ್ಲಿ ಹಾಕಿ, ಜೊತೆಗೆ ಈ ಒಂದು ಸಾಲು ಸೇರಿಸಿದೆ:

```
_dmarc  TXT  "v=DMARC1; p=none; rua=mailto:dmarc@example.com"
```

ಮಾರ್ಚ್ 4ರ ಪತ್ರ ಹೊಸ ವಿಳಾಸದಿಂದ ಹೋಯಿತು. ಮೂರೂ ಪರೀಕ್ಷೆ ಪಾಸ್. ನಾನು ಮೀಸೆ ತಿರುವಿಕೊಂಡು ಕೂತೆ. ಆದರೆ ಪತ್ರ ಮತ್ತೆ ಸ್ಪ್ಯಾಮಿಗೇ ಹೋಯಿತು.

ಎರಡನೇ ಕಾರಣ

ಇಲ್ಲಿ ನಾನು ಮಾಡಿದ ತಪ್ಪು: ಒಂದು ಕಾರಣ ಕಣ್ಣಿಗೆ ಬಿದ್ದ ಕೂಡಲೇ ಇನ್ನೊಂದನ್ನು ಹುಡುಕುವುದು ಬಿಟ್ಟೆ. ಎಕ್ಸೆಲ್ ಹಾಳೆಯ ವಿಷಯ ಕಾಕಾ ನನಗೆ ಆಗ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಕಳಿಸಿದ ಪತ್ರಗಳನ್ನು ಜಿಮೇಲ್ ಹೇಗೆ ಕಾಣುತ್ತಿದೆ ಎಂದು ತೋರಿಸುವ ಗೂಗಲ್‌ನ Postmaster Toolsಗೆ ಹೊಸ ಡೊಮೇನನ್ನು ಜೋಡಿಸಿದ್ದೆ. ಕೆಲವು ದಿನದ ಮೇಲೆ ಅಲ್ಲಿ ಕಂಡದ್ದು, ಸ್ಪ್ಯಾಮ್ ದೂರು ಶೇ. 0.8. ಗೂಗಲ್ ಹೇಳುವ ಪ್ರಕಾರ ಇದು 0.1ರ ಒಳಗಿರಬೇಕು, 0.3 ಮುಟ್ಟಲೇಬಾರದು. ಕಳಿಸುವ ಸೇವೆಯ ಪರದೆಯಲ್ಲಿ ಮಾತ್ರ ದೂರು ಎರಡೋ ಮೂರೋ ತೋರಿಸುತ್ತಿತ್ತು. ಅದು ಸುಳ್ಳಲ್ಲ. ಯಾರು ಸ್ಪ್ಯಾಮ್ ಒತ್ತಿದರೆಂದು ಜಿಮೇಲ್ ಆ ಸೇವೆಗಳಿಗೆ ಒಬ್ಬೊಬ್ಬರ ಲೆಕ್ಕದಲ್ಲಿ ಹೇಳುವುದಿಲ್ಲ. ಹೀಗಾಗಿ ಸೇವೆಯ ಪರದೆ ನೋಡಿ ಎಲ್ಲ ಸರಿಯಿದೆ ಅಂದುಕೊಳ್ಳುವವರು ಬಹಳ.

"ಕಾಕಾ, ಈ ಮಂದಿ ಎಲ್ಲಿಂದ ಬಂದ್ರು?" ಅಂದೆ. ಆಗ ಹಾಳೆ ಹೊರಬಂತು.

ಗೊತ್ತಿಲ್ಲದವನಿಂದ ಬಂದ ಪತ್ರ ನೋಡಿದವನು ಎರಡರಲ್ಲಿ ಒಂದು ಮಾಡುತ್ತಾನೆ: ಬೇಡವೆಂದು ಹೊರಹೋಗುವ ಕೊಂಡಿ ಒತ್ತುತ್ತಾನೆ, ಇಲ್ಲವೇ ಸ್ಪ್ಯಾಮ್ ಗುಂಡಿ ಒತ್ತುತ್ತಾನೆ. ಕಾಕಾ ಹೊರಹೋಗುವ ಕೊಂಡಿಯನ್ನು ಕೆಳಗೆ ತಿಳಿಬೂದು ಬಣ್ಣದಲ್ಲಿ, ಕಾಣದಷ್ಟು ಸಣ್ಣಗೆ ಇಟ್ಟಿದ್ದರು. ಜನ ಹೋಗಬಾರದೆಂಬ ಆಸೆ. ಹೀಗಾಗಿ ಎಲ್ಲರಿಗೂ ಉಳಿದದ್ದು ಎರಡನೇ ದಾರಿಯೇ. ಅವರು ಒತ್ತಿದ ಗುಂಡಿಯ ಶಿಕ್ಷೆ ಮೂರು ವರ್ಷದಿಂದ ಪ್ರೀತಿಯಿಂದ ಓದುತ್ತಿದ್ದ ಹಳಬರಿಗೆ ತಟ್ಟಿತು.

ಹಾಳೆಯನ್ನು ಪೂರ್ತಿ ತೆಗೆಯಿರಿ ಎಂದೆ. ಕಾಕಾ ಒಪ್ಪಲಿಲ್ಲ.

"ಐದು ಸಾವಿರ ಮಂದಿ ಅದಾರ ಅಂತ ಆ ಡೀಲರಗ ಹೇಳೇನಿ. ರೊಕ್ಕಾನೂ ತಗೊಂಡೇನಿ. ಈಗ ಸಾವಿರ ಅಂದ್ರ ಮಾರಿ ಹೆಂಗ ತೋರಿಸ್ಲಿ ತಮ್ಮಾ?"

ಹಾಳೆಯವರಿಗೆಲ್ಲ 'ನಿಮಗೆ ಪತ್ರ ಬೇಕೋ ಬೇಡವೋ' ಎಂದು ಒಂದು ಮೇಲ್ ಹಾಕಿ ಕೇಳೋಣ ಎಂಬ ಮಧ್ಯದ ದಾರಿಯನ್ನು ಅವರು ಸೂಚಿಸಿದರು. ಕೇಳಲು ಚೆನ್ನಾಗಿದೆ, ಆದರೆ ಕೇಳದವರಿಗೆ ಇನ್ನೊಂದು ಮೇಲ್ ಹೋದಂತೆಯೇ ಅದು. ದೂರು ಇನ್ನಷ್ಟು ಏರುತ್ತಿತ್ತು. ಹತ್ತು ದಿನ ಹೀಗೇ ಕಳೆಯಿತು. ಕೊನೆಗೆ ನಿರ್ಧಾರ ಮಾಡಿಸಿದ್ದು ನನ್ನ ವಾದವಲ್ಲ. ಮಾರ್ಚ್ 18ರ ಪತ್ರವನ್ನು ಸ್ವತಃ ಕಾಕಾರ ಅಳಿಯನ ಜಿಮೇಲ್ ಸ್ಪ್ಯಾಮಿಗೆ ಹಾಕಿತ್ತು. ಅವತ್ತೇ ಸಂಜೆ ಡೀಲರಿಗೆ ಫೋನ್ ಮಾಡಿ ಇದ್ದದ್ದು ಇದ್ದಂತೆ ಹೇಳಿ, ದುಡ್ಡು ವಾಪಸ್ ಕಳಿಸಿದರು.

ಹಾಳೆಯಿಂದ ಸೇರಿಸಿದವರಲ್ಲಿ ಪತ್ರದ ಯಾವುದಾದರೂ ಕೊಂಡಿ ಒತ್ತಿದ್ದ ಅಥವಾ ಉತ್ತರ ಬರೆದಿದ್ದ 137 ಜನರನ್ನು ಮಾತ್ರ ಉಳಿಸಿಕೊಂಡೆವು. 'ತೆರೆದು ನೋಡಿದವರು' ಎಂಬ ಅಂಕಿಯನ್ನು ನಂಬಲಿಲ್ಲ. 2021ರಿಂದ ಆಪಲ್‌ನ ಮೇಲ್ ಆಪ್ ಯಾರೂ ನೋಡದಿದ್ದರೂ ಚಿತ್ರಗಳನ್ನು ಮೊದಲೇ ಇಳಿಸಿಡುತ್ತದೆ, ಅದನ್ನು ಸೇವೆಯವರು 'ತೆರೆದರು' ಎಂದೇ ಲೆಕ್ಕ ಹಾಕುತ್ತಾರೆ. ಹಳಬರಲ್ಲಿ ವರ್ಷದಿಂದ ಉಸಿರಿಲ್ಲದ ವಿಳಾಸಗಳನ್ನೂ ತೆಗೆದ ಮೇಲೆ 905 ಉಳಿದವು. ಒಟ್ಟು 1,042. ಮೊದಲ ವಾರ ಅದರಲ್ಲಿ ಅತಿ ಚುರುಕಾದ 300 ಜನಕ್ಕೆ, ಆಮೇಲೆ 600ಕ್ಕೆ, ಆಮೇಲೆ ಎಲ್ಲರಿಗೆ ಎಂದು ನಿಧಾನವಾಗಿ ಏರಿಸಿದೆವು. ಹೊರಹೋಗುವ ಕೊಂಡಿ ಪತ್ರದ ತಲೆಗೇ ಬಂತು. ಮೇ ಮಧ್ಯಕ್ಕೆ ಪತ್ರ ಮತ್ತೆ ಇನ್‌ಬಾಕ್ಸಿಗೆ ಬೀಳತೊಡಗಿತು. ಅಷ್ಟರಲ್ಲಿ ಮಾರ್ಚ್ 31 ದಾಟಿಹೋಗಿತ್ತು, 43ಬಿ(ಎಚ್) ಪತ್ರ ಬೇಕಾದವರಿಗೆ ಬೇಕಾದಾಗ ಮುಟ್ಟಲಿಲ್ಲ. ಆ ನಷ್ಟ ತುಂಬಿ ಬರುವಂಥದ್ದಲ್ಲ.

ಪಟ್ಟಿ ಬೆಳೆದ ರೀತಿ

ಬೆಳೆಸಲು ಕಾಕಾ ಮಾಡಿದ್ದು ಒಂದೇ ಕೆಲಸ. ಬಿಲ್ ತಾರೀಖು ಹಾಕಿದರೆ 45ನೇ ದಿನ ಯಾವುದು, ಯಾವ ಗಿರಾಕಿ ದಾಟಿಸಿದ್ದಾನೆ ಎಂದು ತೋರಿಸುವ ಒಂದು ಬಾಕಿ ಲೆಕ್ಕದ ಹಾಳೆ ತಯಾರಿಸಿ ಪತ್ರದ ಜೊತೆ ಕೊಟ್ಟರು. ಅದನ್ನು ಲೆಕ್ಕಪರಿಶೋಧಕರು ತಮ್ಮ ಗಿರಾಕಿಗಳಿಗೆ ಕಳಿಸಿದರು. ಹಾಳೆಯ ಕೆಳಗೆ ಸೇರುವ ವಿಳಾಸವಿತ್ತು. ಹೆಸರು ಕೊಟ್ಟವರಿಗೆ ಮೊದಲು ಖಚಿತಪಡಿಸುವ ಮೇಲ್ ಹೋಗುತ್ತದೆ, ಅದನ್ನು ಒತ್ತಿದರೇ ಪಟ್ಟಿಗೆ ಸೇರುವುದು. ನೂರು ಜನ ಹೆಸರು ಕೊಟ್ಟರೆ ಸುಮಾರು ಮೂವತ್ತು ಜನ ಒತ್ತುತ್ತಲೇ ಇರಲಿಲ್ಲ. ಕಾಕಾಗೆ ಆ ಮೂವತ್ತರ ಸಂಕಟ ತಡೆಯಲಾಗುತ್ತಿರಲಿಲ್ಲ. ಖಚಿತಪಡಿಸುವ ಮೇಲ್ ಜಿಮೇಲ್‌ನ Promotions ವಿಭಾಗಕ್ಕೆ ಬೀಳುತ್ತಿದೆಯೆಂದು ಗೊತ್ತಾದಾಗ, ಹೆಸರು ಕೊಟ್ಟ ಕೂಡಲೇ ಕಾಣುವ ಪುಟದಲ್ಲಿ ಅದನ್ನೇ ಬರೆದೆವು. ಮೂವತ್ತು ಹದಿನೆಂಟಕ್ಕೆ ಇಳಿಯಿತು. ಡಿಸೆಂಬರ್‌ಗೆ ಪಟ್ಟಿ 1,480.

ಚಂದಾ

2024ರ ಆಗಸ್ಟ್‌ನಲ್ಲಿ ಚಂದಾ ಶುರುವಾಯಿತು. ಸೋಮವಾರದ ಪತ್ರ ಮೊದಲಿನಂತೆ ಪುಕ್ಕಟೆ. ಗುರುವಾರದ ಪತ್ರಕ್ಕೆ ದುಡ್ಡು. ಅದರಲ್ಲಿ ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್ ಮತ್ತು ರೈಲ್ವೆಯ ಟೆಂಡರುಗಳಿಂದ ಈ ಭಾಗದ ಫೌಂಡ್ರಿ, ಮಷಿನ್ ಶಾಪ್ ಕೈಗೆ ಎಟಕುವಂಥವನ್ನು ಆರಿಸಿ, ಠೇವಣಿ ಎಷ್ಟು, ಕೊನೆ ದಿನ ಯಾವುದು, ಯಾವ ಷರತ್ತು ಕುತ್ತಿಗೆಗೆ ಬರುತ್ತದೆ ಎಂದು ಕಾಕಾ ಬರೆಯುತ್ತಾರೆ. ಚಂದಾ ವಸೂಲಿಯನ್ನೂ ತಾನೇ ಮಾಡುವ ಪ್ರಸಿದ್ಧ ವಿದೇಶಿ ತಾಣಗಳನ್ನು ನೋಡಿದೆವು. ಅವು ನೆಚ್ಚಿರುವ ಪಾವತಿ ಕಂಪನಿ ಭಾರತದಲ್ಲಿ ಹೊಸಬರಿಗೆ ಖಾತೆಯನ್ನು ಸುಲಭವಾಗಿ ಕೊಡುತ್ತಿರಲಿಲ್ಲ. ಇಲ್ಲಿಯದೇ ಪಾವತಿ ಸೇವೆ ಹಿಡಿದೆವು.

ತಿಂಗಳಿಗೆ 149 ರೂಪಾಯಿ, ತಾನಾಗೇ ಕಡಿತ. ಎರಡು ತಿಂಗಳಲ್ಲಿ 83 ಜನ ಸೇರಿದರು. ನಾಲ್ಕನೇ ತಿಂಗಳಿಗೆ 51. ಬರಹ ಹಿಡಿಸಲಿಲ್ಲವೇನೋ ಎಂದು ಕಾಕಾ ಕುಗ್ಗಿಹೋದರು. ಹೋದ 32 ಜನರನ್ನು ಒಬ್ಬೊಬ್ಬರಾಗಿ ನೋಡಿದಾಗ ಬೇಡವೆಂದು ರದ್ದು ಮಾಡಿದವರು 9 ಮಾತ್ರ. 23 ಜನರದ್ದು ಕಡಿತವೇ ಆಗಿರಲಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಹೀಗೆ ತಾನಾಗೇ ಕಡಿತವಾಗುವ 24 ಗಂಟೆ ಮೊದಲು ಗಿರಾಕಿಗೆ ಸೂಚನೆ ಹೋಗಬೇಕು, ಬೇಡವೆನ್ನುವ ಅವಕಾಶವೂ ಇರಬೇಕು. ಗಿರಾಕಿಗೆ ಇದು ಒಳ್ಳೆಯ ನಿಯಮವೇ. ಆದರೆ ಮಾಲಕನ ಫೋನಿಗೆ ಬಂದ ಸಂದೇಶ ನೋಡಿ ಆಫೀಸಿನ ಹುಡುಗ "ಇದೇನೋ ಮೋಸ ಇರಬೇಕ್ರಿ" ಎಂದು ನಿಲ್ಲಿಸಿಬಿಡುತ್ತಿದ್ದ. ಇನ್ನು ಕೆಲವರ ಆ ಖಾತೆಯಲ್ಲಿ ಅವತ್ತು ಹಣ ಇರುತ್ತಿರಲಿಲ್ಲ, ಕೆಲವರ ಕಾರ್ಡು ಬದಲಾಗಿತ್ತು.

ಅವರಿಗೆ ಫೋನ್ ಮಾಡಿದಾಗ ಸಿಕ್ಕ ಉತ್ತರ ಹೆಚ್ಚುಕಡಿಮೆ ಒಂದೇ: "ತಿಂಗಳಾ ತಿಂಗಳಾ ಕಿರಿಕಿರಿ ಯಾಕ್ರಿ, ವರ್ಷದ್ದು ಒಂದ ಬಿಲ್ ಹಾಕ್ರಿ, ಖರ್ಚಿಗೆ ಬರಕೋತೀವಿ." ಹೀಗಾಗಿ ತಿಂಗಳ ಚಂದಾ ಮುಚ್ಚಿ ವರ್ಷಕ್ಕೆ 1,500 ರೂಪಾಯಿ, ಬಿಲ್ ಸಮೇತ, ಯುಪಿಐ ಅಥವಾ ಬ್ಯಾಂಕಿನಿಂದ ನೇರ ಪಾವತಿ ಎಂದು ಮಾಡಿದರು. 2025ರ ಮಾರ್ಚ್ ಕೊನೆಗೆ 118 ಚಂದಾದಾರರು, 1,77,000 ರೂಪಾಯಿ. ಅದರಲ್ಲಿ ಅರ್ಧಕ್ಕರ್ಧ ಬಂದದ್ದು ಮಾರ್ಚ್ ತಿಂಗಳೊಂದರಲ್ಲೇ. ವರ್ಷದ ಲೆಕ್ಕ ಮುಗಿಸುವ ಹೊತ್ತಿನಲ್ಲಿ ಖರ್ಚಿನ ಬಿಲ್ಲಿಗೆ ಯಾರೂ ಬೇಡ ಅನ್ನುವುದಿಲ್ಲ.

121 ಅಲ್ಲ, 38

ಜಾಹೀರಾತನ್ನು ಸೋಮವಾರದ ಪತ್ರದಲ್ಲಿ ಮಾತ್ರ ಹಾಕುತ್ತಾರೆ, ವಾರಕ್ಕೆ ಒಂದೇ ಜಾಗ, 2,500 ರೂಪಾಯಿ. ಮೇಲೆ 'ಪ್ರಾಯೋಜಿತ' ಎಂದು ದಪ್ಪಕ್ಷರ. ಮೊದಲ ಗಿರಾಕಿ ಲೋಹ ಕತ್ತರಿಸುವ ಕಾರ್ಬೈಡ್ ಇನ್ಸರ್ಟ್ ಮಾರುವವರು. ಪತ್ರ ಹೋದ ಸಂಜೆ ಸೇವೆಯ ಪರದೆಯಲ್ಲಿ 121 ಕ್ಲಿಕ್ ಕಂಡಿತು. ಕಾಕಾ ಹಿಗ್ಗಿದರು. ನಾನು ಸಮಯ ತೆಗೆದು ನೋಡಿದೆ. 83 ಕ್ಲಿಕ್ಕುಗಳು ಪತ್ರ ಹೊರಟ ಒಂದೇ ನಿಮಿಷದೊಳಗೆ ಆಗಿದ್ದವು, ಅದೂ ಒಂದೊಂದು ವಿಳಾಸದಿಂದ ಪತ್ರದಲ್ಲಿದ್ದ ಎಲ್ಲ ಕೊಂಡಿಗಳ ಮೇಲೂ. ಅಷ್ಟು ಬೇಗ ಮನುಷ್ಯ ಓದುವುದಿಲ್ಲ. ಕಂಪನಿಗಳ ಮೇಲ್ ಕಾವಲು ಯಂತ್ರಗಳು ವೈರಸ್ ಇದೆಯೇ ಎಂದು ಪ್ರತಿ ಕೊಂಡಿಯನ್ನೂ ತಾವೇ ಒತ್ತಿ ನೋಡುತ್ತವೆ. ಅವನ್ನು ಕಳೆದರೆ 38.

ಇನ್ಸರ್ಟ್‌ನವರಿಗೆ ಯಾವ ಸಂಖ್ಯೆ ಹೇಳಬೇಕೆಂದು ನಾನು ಕೇಳಲಿಲ್ಲ, ಸುಮ್ಮನೆ ಕೂತೆ. ಜನವರಿಯ ಕಾಕಾ ಆಗಿದ್ದರೆ 121 ಅನ್ನುತ್ತಿದ್ದರು. ಈ ಸಲ 38 ಎಂದು ಬರೆದು, ಯಾಕೆ ಎಂಬುದನ್ನೂ ಎರಡು ಸಾಲಲ್ಲಿ ವಿವರಿಸಿದರು. ಇನ್ಸರ್ಟ್‌ನವರಿಗೆ ಆ ವಾರ ಐದು ವಿಚಾರಣೆ ಬಂದಿದ್ದವು, ಎರಡು ಆರ್ಡರ್ ಆದವು. ಅವರು ಇನ್ನೂ ಎಂಟು ವಾರದ ಜಾಹೀರಾತು ತಗೊಂಡರು.

ಬೇಡವೆಂದದ್ದೂ ಇದೆ. ಸ್ಕ್ರ್ಯಾಪ್ ವ್ಯಾಪಾರಿಯೊಬ್ಬರು ದರಪಟ್ಟಿಯನ್ನೇ ಪ್ರಾಯೋಜಿಸುತ್ತೇವೆ, ವಾರಕ್ಕೆ 5,000 ಎಂದರು. ಲೇಬಲ್ ಹಾಕಲಿಕ್ಕೂ ಅವರದೇನೂ ತಕರಾರಿರಲಿಲ್ಲ. 2022ರ ಜಾಹೀರಾತು ಮಾರ್ಗಸೂಚಿ ಕೇಳುವುದೂ ಹಣದ ಸಂಬಂಧವನ್ನು ಬಹಿರಂಗವಾಗಿ ಹೇಳಿ ಎಂದೇ, ಆ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಬೋರಿಂಗ್ ಸ್ಕ್ರ್ಯಾಪಿನ ದರ ಕಿಲೋಗೆ ಒಂದು ರೂಪಾಯಿ ಹೆಚ್ಚು ಬರೆದರೆ ಲಾಭ ಆ ವ್ಯಾಪಾರಿಗೇ. ಕಾಕಾ ಬರೆಯುವುದು ಸರಿಯಾದ ದರವೇ ಇರಲಿ, ಓದುಗನಿಗೆ ಪ್ರತಿ ಸೋಮವಾರ ಅನುಮಾನ. ದರಪಟ್ಟಿಯ ಅಕ್ಕಪಕ್ಕ ಯಾರ ಜಾಹೀರಾತೂ ಬೇಡವೆಂದು ಅವತ್ತೇ ತೀರ್ಮಾನವಾಯಿತು.

2024-25ರಲ್ಲಿ ಒಟ್ಟು 22 ಜಾಹೀರಾತು, 55,000 ರೂಪಾಯಿ. ತಿಂಗಳ ಚಂದಾ ಇದ್ದಾಗ ಬಂದದ್ದು ಸುಮಾರು 25,000. ವಾರ್ಷಿಕ ಚಂದಾ ಸೇರಿ ಎರಡೂವರೆ ಲಕ್ಷ ದಾಟಿತು. ಮೇಲ್ ಸೇವೆ, ಡೊಮೇನ್, ಪಾವತಿ ಶುಲ್ಕ ಎಲ್ಲ ಕಳೆದು ತಿಂಗಳಿಗೆ ಹತ್ತೊಂಬತ್ತು ಸಾವಿರದ ಆಸುಪಾಸು. ಇದಕ್ಕೆ ವಾರಕ್ಕೆ ಹದಿನಾಲ್ಕು ತಾಸಿನ ದುಡಿಮೆ. ಸಂಸಾರ ನಡೆಸುವಷ್ಟಲ್ಲ, ಪಿಂಚಣಿಯಂತೆ ಸಾಲುತ್ತದೆ. ಜಿಎಸ್‌ಟಿ ನೋಂದಣಿಯ 20 ಲಕ್ಷದ ಮಿತಿ ಬಹಳ ದೂರ.

ಮೊದಲ ನವೀಕರಣದಲ್ಲಿ 118ರಲ್ಲಿ 84 ಜನ ಮತ್ತೆ ಕಟ್ಟಿದರು. ಕಟ್ಟದವರಿಗೆ ಕಾಕಾ ತಾವೇ ಫೋನ್ ಮಾಡಿದರು. ಮೂರ್ನಾಲ್ಕು ಜನ ನಗುತ್ತಾ ಒಂದೇ ಕಥೆ ಹೇಳಿದರು: ಪಕ್ಕದ ಶೆಡ್ಡಿನವನು ಗುರುವಾರದ ಪತ್ರವನ್ನು ಪಿಡಿಎಫ್ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕುತ್ತಾನೆ, ಒಂಬತ್ತು ವರ್ಕ್‌ಶಾಪ್ ಅದರಲ್ಲೇ ಓದುತ್ತವೆ. ಕಾಕಾಗೆ ಆತ ಯಾರೆಂದು ಗೊತ್ತು. ಬೈಯಲಿಲ್ಲ, ಪತ್ರ ನಿಲ್ಲಿಸಲೂ ಇಲ್ಲ. ಐದು ವಿಳಾಸಕ್ಕೆ ಸೇರಿಸಿ 4,000 ರೂಪಾಯಿಯ ಒಂದು ಚಂದಾ ಮಾಡಿ, ಮೊದಲ ಬಿಲ್ಲನ್ನು ಆತನ ಹೆಸರಿಗೇ ಬರೆದು ಕಳಿಸಿದರು. ಎರಡು ವಾರ ಉತ್ತರ ಇಲ್ಲ. ಮೂರನೇ ವಾರ ದುಡ್ಡು ಬಂತು, ಜೊತೆಗೆ ನಾಲ್ಕು ಶೆಡ್ಡುಗಳ ಮೇಲ್ ವಿಳಾಸ. ಆ ನಾಲ್ವರಿಗೂ ಕಾಕಾ ಖಚಿತಪಡಿಸುವ ಮೇಲ್ ಕಳಿಸಿದರು. ಮೂವರು ಒತ್ತಿದ್ದಾರೆ, ನಾಲ್ಕನೆಯವನದು ಇನ್ನೂ ಬಾಕಿ.